ಮರಳ ಮೇಲೆ ಗೋದಾಮು, ಮರಳೊಳಗೆ ಜಲ್ಲಿ ಕಂಬ

ಕರಾವಳಿಯಲ್ಲಿ ಬಂದರಿಗೆ ಹತ್ತಿರ, ಹೆದ್ದಾರಿಗೆ ತಾಗಿಕೊಂಡು, ಏರುತಗ್ಗಿಲ್ಲದೆ ಬಿದ್ದಿರುವ ಎರಡು ಎಕರೆ ಜಾಗ ಸಿಕ್ಕಿತೆಂದರೆ ಗೋದಾಮು ಕಟ್ಟುವವರಿಗೆ ಇನ್ನೇನು ಬೇಕು? ಗುಡ್ಡ ಕಡಿಯುವ ಖರ್ಚಿಲ್ಲ, ಮುರಕಲ್ಲು ಒಡೆಯುವ ರಗಳೆಯಿಲ್ಲ. ಆದರೆ ಜಾಗ ಸಮತಟ್ಟಾಗಿರುವುದಕ್ಕೆ ಯಾವುದು ಕಾರಣವೋ ಅದೇ ಅದರ ತೊಂದರೆಯೂ ಹೌದು. ಅದು ನದಿಯೋ ಸಮುದ್ರವೋ ತಂದು ಹಾಸಿದ ಮರಳು. ಮೇಲೆ ನಡೆದಾಡುವವರಿಗೆ ಗಟ್ಟಿಯಾಗಿಯೇ ಇರುತ್ತದೆ. ಲಾರಿ ಓಡಿದರೂ ಹೂತುಹೋಗುವುದಿಲ್ಲ. ಅದರ ಸಡಿಲತನ ಬಯಲಾಗುವುದು ಬೋರ್‌ಹೋಲ್ ಹಾಕಿಸಿ ಮಣ್ಣಿನ ವರದಿ ಕೈಗೆ ಬಂದಾಗ, ಅಥವಾ ಅದನ್ನು ಹಾಕಿಸದೆ ಕಟ್ಟಿದ್ದರೆ, ಮೂಟೆ ಪೇರಿಸಿದ ಮೇಲೆ.

ಇಂಥ ಜಾಗಕ್ಕೆ ಇತ್ತೀಚೆಗೆ ಗುತ್ತಿಗೆದಾರರು ಸಾಮಾನ್ಯವಾಗಿ ಮುಂದಿಡುವ ಪರಿಹಾರ ಜಲ್ಲಿ ಕಂಬ. ನೆಲದೊಳಗೆ ಎಂಟು ಹತ್ತು ಮೀಟರ್ ಆಳಕ್ಕೆ ಸಾಲುಸಾಲಾಗಿ ಜಲ್ಲಿ ತುಂಬಿ, ಕುಟ್ಟಿ, ಗಟ್ಟಿಮಾಡಿದ ಕಂಬಗಳನ್ನು ನಿಲ್ಲಿಸುವ ವಿಧಾನ ಇದು. ಪ್ರಸ್ತಾವದ ಮೊದಲ ಪುಟದಲ್ಲೇ ಒಂದು ಸಾಲು ಇರುತ್ತದೆ: ನೆಲದ ಇಳಿತ ಇಷ್ಟು ಮಿಲಿಮೀಟರಿನಿಂದ ಇಷ್ಟಕ್ಕೆ ಇಳಿಯುತ್ತದೆ. ದುಡ್ಡು ಹಾಕುವವರು ಕೊನೆಗೆ ನೋಡುವುದು ಆ ಒಂದು ಸಾಲನ್ನೇ. ಆ ಅಂಕಿ ಎಲ್ಲಿಂದ ಬಂತು, ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಒಂದು ಮಾದರಿ ಪ್ರಸ್ತಾವವನ್ನು ಬಿಡಿಸಿ ನೋಡೋಣ. ಜಾಗವೂ ಮಾಲೀಕರೂ ಕಲ್ಪಿತ. ಲೆಕ್ಕ ಮಾತ್ರ ನಿಜವಾದ ಪ್ರಸ್ತಾವಗಳಲ್ಲಿ ನಡೆಯುವಂಥದ್ದೇ.

ನಮ್ಮ ಗೋದಾಮು 40 ಮೀಟರ್ ಅಗಲ, 90 ಮೀಟರ್ ಉದ್ದ. ಉಕ್ಕಿನ ಚೌಕಟ್ಟು, ಮೇಲೆ ಶೀಟು. ಮನೆ ಅಥವಾ ಅಪಾರ್ಟ್‌ಮೆಂಟಿನಲ್ಲಿ ಗೋಡೆ, ಕಂಬ, ಸ್ಲ್ಯಾಬುಗಳ ಭಾರವೇ ದೊಡ್ಡದು. ಗೋದಾಮಿನಲ್ಲಿ ಹಾಗಲ್ಲ, ಕಟ್ಟಡ ಹಗುರ, ಒಳಗಿನ ಸರಕು ಭಾರ. ನೆಲದ ಮೇಲೆ ಚದರ ಮೀಟರಿಗೆ 5 ಟನ್ ಹೊರೆ ಎಂದು ಇಟ್ಟುಕೊಂಡಿದ್ದಾರೆ, ಅಂದರೆ 50 ಕಿಲೋದ ನೂರು ಮೂಟೆ. ಜಾಗವನ್ನು ಎತ್ತರಿಸಲು ಹಾಕುವ ಅರ್ಧ ಮೀಟರ್ ಮಣ್ಣು, ಅದರ ಮೇಲಿನ ಕಾಂಕ್ರೀಟು ಸೇರಿ ಇನ್ನೊಂದು ಟನ್. ಒಟ್ಟು 6 ಟನ್. ಗೋದಾಮು ಭರ್ತಿಯಾದ ದಿನ ಸರಕೇ 18,000 ಟನ್ ಆಗುತ್ತದೆ.

ಈ ಹೊರೆಯ ಸ್ವಭಾವವೂ ಬೇರೆ. ಮನೆಯ ಪಾಯ ಒಂದೂವರೆ ಮೀಟರ್ ಅಗಲದ್ದಾದರೆ ಅದರ ಒತ್ತಡ ಕೆಳಗಿಳಿದಂತೆ ಹರಡಿಕೊಂಡು, ಮೂರು ನಾಲ್ಕು ಮೀಟರ್ ಆಳದಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ನಲವತ್ತು ಮೀಟರ್ ಅಗಲದ ನೆಲ ಪೂರ್ತಿ ಹೊರೆ ಹೊತ್ತಾಗ, ನಡುಭಾಗದಲ್ಲಿ ಹರಡಲು ಜಾಗವೇ ಇಲ್ಲ. ಎಂಟು ಮೀಟರ್ ಕೆಳಗಿನ ಮರಳಿಗೂ ಹೆಚ್ಚುಕಡಿಮೆ ಅದೇ ಆರು ಟನ್ ತಟ್ಟುತ್ತದೆ. ಮೇಲಿನ ಒಂದೆರಡು ಮೀಟರ್ ಮರಳು ತೆಗೆದು, ಗ್ರಾವೆಲ್ ಹಾಕಿ ರೋಲರ್ ಓಡಿಸಿದರೆ ಸಾಕು ಎನ್ನುವವರು ಮರೆಯುವುದು ಇದನ್ನೇ.

ಇನ್ನು ಮಣ್ಣಿನ ವರದಿ. ಬೋರ್‌ಹೋಲಿನೊಳಗೆ ಪ್ರತಿ ಒಂದೂವರೆ ಮೀಟರಿಗೊಮ್ಮೆ ಒಂದು ದಪ್ಪ ಕೊಳವೆಯನ್ನು ಇಳಿಸಿ, 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಡುತ್ತಾರೆ. ಮೊದಲ 15 ಸೆಂಟಿಮೀಟರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂದಿನ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೋ ಅದೇ ಎನ್ ಸಂಖ್ಯೆ. ಗಟ್ಟಿ ಮರಳಿಗೆ ಮೂವತ್ತಕ್ಕೂ ಹೆಚ್ಚು ಪೆಟ್ಟು ಬೇಕು, ಹತ್ತಕ್ಕಿಂತ ಕಡಿಮೆಯಾದರೆ ಸಡಿಲ. ನಮ್ಮ ಜಾಗದಲ್ಲಿ ಎಂಟು ಮೀಟರ್ ಆಳದವರೆಗೂ ಎನ್ ನಾಲ್ಕರಿಂದ ಎಂಟರ ನಡುವೆ ಆಡುತ್ತದೆ. ಆಮೇಲೆ ತಟ್ಟನೆ ಇಪ್ಪತ್ತೈದು ದಾಟುತ್ತದೆ. ನೀರು ಒಂದೂವರೆ ಮೀಟರಿಗೇ ಸಿಗುತ್ತದೆ. ಮರಳು ಸಣ್ಣದು, ಅದರಲ್ಲಿ ಹೂಳಿನ ಅಂಶ ನೂರಕ್ಕೆ ಹದಿನೈದರ ಮೇಲೆ. ಈ ಕೊನೆಯ ಸಂಗತಿ ಚಿಕ್ಕದಾಗಿ ಕಂಡರೂ ಇಡೀ ಪ್ರಸ್ತಾವದ ದಿಕ್ಕನ್ನು ತೀರ್ಮಾನಿಸುವುದು ಅದೇ.

ಸೇರಿನಲ್ಲಿ ಅಕ್ಕಿ ತುಂಬಿ ಎರಡು ಸಲ ಕುಲುಕಿದರೆ ಮಟ್ಟ ಕೆಳಗಿಳಿಯುತ್ತದಲ್ಲ, ಸಡಿಲ ಮರಳೂ ಹಾಗೆಯೇ. ಬರೀ ಒತ್ತಿದರೆ ಹೆಚ್ಚು ಬಗ್ಗದು, ಅಲುಗಿಸಿದರೆ ಕಾಳುಗಳು ಒಂದಕ್ಕೊಂದು ಹತ್ತಿರ ಸರಿದು ಕೂರುತ್ತವೆ. 1930ರ ದಶಕದಲ್ಲಿ ಜರ್ಮನಿಯ ಯೋಹಾನ್ ಕೆಲ್ಲರ್ ಸಂಸ್ಥೆಯ ಎಂಜಿನಿಯರುಗಳು ನೆಲದೊಳಗೇ ಇಳಿದು ಅಲುಗಿಸುವ ಯಂತ್ರವನ್ನು ಮಾಡಿದ್ದು ಈ ಗುಣವನ್ನು ನಂಬಿಯೇ. ಶುದ್ಧ ಮರಳಾದರೆ ಅಷ್ಟೇ ಸಾಕು, ಜಲ್ಲಿಯೂ ಬೇಡ. ಅಲುಗಿಸಿ, ಇಳಿದಷ್ಟು ಜಾಗಕ್ಕೆ ಇನ್ನಷ್ಟು ಮರಳು ಹಾಕಿದರಾಯಿತು. ಆದರೆ ಹೂಳು ನೂರಕ್ಕೆ ಹತ್ತು ಹದಿನೈದನ್ನು ದಾಟಿದರೆ ಈ ಆಟ ಕೆಡುತ್ತದೆ. ಕಾಳುಗಳ ನಡುವಿನ ನೀರು ಬೇಗ ಹೊರಹೋಗಲಾರದು, ನೀರು ಹೋಗದೆ ಕಾಳು ಕೂರಲಾರದು. ಆಗ ಅಲುಗಿಸುವುದರ ಜೊತೆಗೆ ಜಲ್ಲಿಯ ಕಂಬವನ್ನೂ ಹುಗಿಯಬೇಕಾಗುತ್ತದೆ. ನಮ್ಮ ಜಾಗ ಈ ಗಡಿಯ ಆಚೆಗಿದೆ.

ಹಾಗಾದರೆ ಏನೂ ಮಾಡದೆ ಕಟ್ಟಿದರೆ ನೆಲ ಎಷ್ಟು ಇಳಿದೀತು? ಲೆಕ್ಕ ಸುಲಭ. ಇಷ್ಟು ಸಡಿಲ ಮರಳಿನ ಬಿಗಿತವನ್ನು ಚದರ ಮೀಟರಿಗೆ 800 ಟನ್ ಎಂದು ಹಿಡಿಯಬಹುದು. ಹೊರೆಯನ್ನು ಪದರದ ದಪ್ಪದಿಂದ ಗುಣಿಸಿ ಬಿಗಿತದಿಂದ ಭಾಗಿಸಿದರೆ ಆಯಿತು: 6 × 8 ÷ 800 = 0.06 ಮೀಟರ್, ಅಂದರೆ 60 ಮಿಲಿಮೀಟರ್. ಎಂಟು ಮೀಟರಿನ ಕೆಳಗಿನ ಗಟ್ಟಿ ಮರಳೂ ಸ್ವಲ್ಪ ಬಗ್ಗುತ್ತದೆ, ಅದಕ್ಕೆ ಇನ್ನೊಂದು 10. ಒಟ್ಟು 70 ಮಿಲಿಮೀಟರ್, ಮೂರು ಇಂಚಿಗೆ ಸ್ವಲ್ಪ ಕಡಿಮೆ.

ಮೂರು ಇಂಚು ತಾನೇ, ಇಳಿದುಕೊಳ್ಳಲಿ ಬಿಡಿ ಎನ್ನಬಹುದು. ನಿಜ, ಇಡೀ ನೆಲ ಒಟ್ಟಿಗೆ, ಒಂದೇ ಸಮನೆ ಇಳಿದರೆ ಯಾರಿಗೂ ತಿಳಿಯುವುದೂ ಇಲ್ಲ. ಆದರೆ ಗೋದಾಮು ಹಾಗೆ ತುಂಬುವುದಿಲ್ಲ. ಒಂದು ಅಂಕಣದಲ್ಲಿ ಸೂರಿಗೆ ತಾಗುವಷ್ಟು ಮೂಟೆ, ಪಕ್ಕದ್ದು ಖಾಲಿ. ನಡುವೆ ಫೋರ್ಕ್‌ಲಿಫ್ಟ್ ಓಡುವ ದಾರಿ. ಮರಳಿನಲ್ಲಿ ಇಳಿತ ಜೇಡಿಮಣ್ಣಿನ ಹಾಗೆ ವರ್ಷಗಟ್ಟಲೆ ಕಾಯಿಸುವುದಿಲ್ಲ, ಹೊರೆ ಬಿದ್ದ ಕೂಡಲೇ ಬಹುಪಾಲು ಆಗಿಹೋಗುತ್ತದೆ. ತುಂಬಿದ ಕಡೆ ಕೆಳಗೆ, ಖಾಲಿ ಕಡೆ ಮೇಲೆ. ಮೂಟೆಯ ರಾಶಿಯಾದರೆ ಇದನ್ನೂ ತಡೆದುಕೊಂಡೀತು. ಹತ್ತು ಮೀಟರ್ ಎತ್ತರದ ರ‍್ಯಾಕ್ ತಡೆದುಕೊಳ್ಳುವುದಿಲ್ಲ. ಅದರ ಬುಡ ಸುಮಾರು 1.1 ಮೀಟರ್ ಅಗಲ. ಒಂದು ಕಾಲಿಗಿಂತ ಇನ್ನೊಂದು ಕಾಲು ಕೇವಲ 10 ಮಿಲಿಮೀಟರ್ ಹೆಚ್ಚು ಇಳಿದರೂ ತುದಿ 90 ಮಿಲಿಮೀಟರ್ ವಾಲುತ್ತದೆ. ಮೇಲಿನ ಅಂತಸ್ತಿಗೆ ಪ್ಯಾಲೆಟ್ ಏರಿಸುವ ಫೋರ್ಕ್‌ಲಿಫ್ಟಿನ ಚಾಲಕನಿಗೆ ಆ ಮೂರೂವರೆ ಇಂಚು ಬಹಳ ದೊಡ್ಡದು.

ಪೈಲ್ ಹಾಕಬಹುದಲ್ಲ? ಹಾಕಬಹುದು. ಆದರೆ ಹೊರೆ ಇರುವುದು ನೆಲದ ಮೇಲೆ. ಬರೀ ಉಕ್ಕಿನ ಕಂಬಗಳ ಕೆಳಗೆ ಪೈಲ್ ಹಾಕಿದರೆ ಸೂರು ಮೇಲೆ ನಿಂತು ನೆಲ ಮಾತ್ರ ಇಳಿಯುತ್ತದೆ, ಬಾಗಿಲ ಬಳಿ ಮೆಟ್ಟಿಲಾಗುತ್ತದೆ. ನೆಲಕ್ಕೂ ಪೈಲ್ ಬೇಕೆಂದರೆ, ಪೈಲಿನಿಂದ ಪೈಲಿಗೆ ಹೊರೆ ಹೊತ್ತು ನಿಲ್ಲುವ ದಪ್ಪ ಕಬ್ಬಿಣದ ಸ್ಲ್ಯಾಬು ಬೇಕು. 3,600 ಚದರ ಮೀಟರಿಗೆ ಅದನ್ನು ಹಾಕಿಸುವ ಖರ್ಚು ಕೇಳಿದವರು ಸಾಮಾನ್ಯವಾಗಿ ಜಲ್ಲಿ ಕಂಬದ ಕಡೆಗೆ ತಿರುಗುತ್ತಾರೆ.

ಇಲ್ಲೊಂದು ತಪ್ಪು ತಿಳಿವಳಿಕೆ ಹುಟ್ಟಿಕೊಳ್ಳುತ್ತದೆ. ಕಂಬ ಎಂದ ಕೂಡಲೇ ಪೈಲಿನ ತಮ್ಮನೇ ಇದೂ, ಹೊರೆಯನ್ನು ಹೊತ್ತು ಕೆಳಗಿನ ಗಟ್ಟಿ ಪದರಕ್ಕೆ ದಾಟಿಸುತ್ತದೆ ಎಂದುಕೊಳ್ಳುತ್ತಾರೆ. ಜಲ್ಲಿ ಕಂಬದಲ್ಲಿ ಸಿಮೆಂಟಿಲ್ಲ, ಕಂಬಿಯಿಲ್ಲ, ಬಿಡಿ ಕಲ್ಲಷ್ಟೇ. ಮೇಲೆ ಹೊರೆ ಬಿದ್ದರೆ ಅದು ಪಕ್ಕಕ್ಕೆ ಉಬ್ಬುತ್ತದೆ. ಉಬ್ಬದಂತೆ ಹಿಡಿದಿಡುವುದು ಸುತ್ತಲಿನ ಮರಳು. ಹೆಚ್ಚು ಉಬ್ಬುವುದು ಮೇಲ್ಭಾಗದಲ್ಲೇ, ಯಾಕೆಂದರೆ ಅಲ್ಲಿ ಹಿಡಿದಿಡುವ ಮಣ್ಣಿನ ಒತ್ತಡ ಕಡಿಮೆ. ಹೀಗೆ ಕಂಬವೂ ಮರಳೂ ಒಟ್ಟಿಗೇ ಇಳಿಯುತ್ತವೆ. ಗಟ್ಟಿಯಿರುವ ಕಂಬ ಹೊರೆಯಲ್ಲಿ ದೊಡ್ಡ ಪಾಲು ಹೊರುತ್ತದೆ, ಮರಳಿಗೆ ಸಣ್ಣ ಪಾಲು ಬರುತ್ತದೆ, ಅಷ್ಟೇ. ಇಳಿತ ಅರ್ಧವಾಗುತ್ತದೆ ಎಂದರೆ ನಂಬಬಹುದು. ಹತ್ತನೇ ಒಂದಾಗುತ್ತದೆ ಎಂದು ಯಾರಾದರೂ ಬರೆದುಕೊಟ್ಟರೆ ಅನುಮಾನಿಸಬೇಕು.

ನಮ್ಮ ಪ್ರಸ್ತಾವದಲ್ಲಿ ಕಂಬದ ವ್ಯಾಸ 90 ಸೆಂಟಿಮೀಟರ್, ಆಳ ಎಂಟೂವರೆ ಮೀಟರ್. ಅಂದರೆ ತುದಿ ಗಟ್ಟಿ ಮರಳಿನೊಳಗೆ ಅರ್ಧ ಮೀಟರ್ ಹೊಕ್ಕಿರಬೇಕು. ಕಂಬಗಳನ್ನು ಸಮಭುಜ ತ್ರಿಕೋನದ ಮೂಲೆಗಳಲ್ಲಿ, ಎರಡು ಮೀಟರಿಗೊಂದರಂತೆ ಇಡುತ್ತಾರೆ. ಹಾಗೆ ಇಟ್ಟಾಗ ಒಂದೊಂದು ಕಂಬದ ಪಾಲಿಗೆ 3.46 ಚದರ ಮೀಟರ್ ನೆಲ ಬರುತ್ತದೆ. ಅದರಲ್ಲಿ ಜಲ್ಲಿಯ ಜಾಗ 0.64, ನೂರಕ್ಕೆ ಹದಿನೆಂಟು. ಮುಂದಿನ ಲೆಕ್ಕವೆಲ್ಲ ಈ ಹದಿನೆಂಟರ ಮೇಲೆ ನಿಂತಿದೆ.

ಜಲ್ಲಿ ಕಂಬದ ಇಳಿತದ ಲೆಕ್ಕಕ್ಕೆ ಜಗತ್ತಿನ ಬಹಳ ಕಡೆ ಬಳಸುವುದು ಜರ್ಮನ್ ಎಂಜಿನಿಯರ್ ಹೈನ್ಸ್ ಪ್ರೀಬೆ ಕೊಟ್ಟ ಸೂತ್ರವನ್ನು. 1976ರಲ್ಲಿ ಮೊದಲು ಪ್ರಕಟಿಸಿ, 1995ರಲ್ಲಿ ವಿಸ್ತರಿಸಿ ಬರೆದದ್ದು. ಜಲ್ಲಿ ಎಷ್ಟು ಪಾಲು ಜಾಗ ಹಿಡಿದಿದೆ, ಜಲ್ಲಿಯ ಕಲ್ಲುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಕಚ್ಚಿಕೊಂಡಿವೆ ಎಂಬ ಎರಡು ಸಂಗತಿ ಕೊಟ್ಟರೆ, ಇಳಿತ ಎಷ್ಟು ಪಟ್ಟು ಕಡಿಮೆಯಾಗುತ್ತದೆ ಎಂಬುದು ಬರುತ್ತದೆ. ಒಡೆದ ಗ್ರಾನೈಟ್ ಜಲ್ಲಿಗೆ ಘರ್ಷಣೆಯ ಕೋನ 40 ಡಿಗ್ರಿ ಎಂದು ಹಾಕಿದರೆ ನಮಗೆ ಸಿಗುವ ಉತ್ತರ 2.06. ಅಂದರೆ 60 ಮಿಲಿಮೀಟರ್ ಇದ್ದದ್ದು 29ಕ್ಕೆ ಬರುತ್ತದೆ.

ಹೊರೆಯ ಹಂಚಿಕೆಯನ್ನೂ ಇದರಿಂದಲೇ ಬಿಡಿಸಬಹುದು. ಮೇಲಿಂದ ಬೀಳುವುದು ಚದರ ಮೀಟರಿಗೆ 6 ಟನ್. ಮರಳಿನ ಪಾಲಿಗೆ ಬರುವುದು 3ಕ್ಕೂ ಸ್ವಲ್ಪ ಕಡಿಮೆ, ಜಲ್ಲಿಯ ಪಾಲಿಗೆ ಸುಮಾರು 20. ಒಂದೊಂದು ಕಂಬ ಹೊರುವುದು ಹನ್ನೆರಡೂವರೆ ಟನ್ನಿನಷ್ಟು, ತನ್ನ ಸುತ್ತಲಿನ ಹೊರೆಯಲ್ಲಿ ನೂರಕ್ಕೆ ಅರವತ್ತು. ನೆಲದ ಐದನೇ ಒಂದಕ್ಕಿಂತಲೂ ಕಡಿಮೆ ಜಾಗದಲ್ಲಿರುವ ಕಲ್ಲು ಅರ್ಧಕ್ಕಿಂತ ಹೆಚ್ಚು ಹೊರೆ ಹೊರುತ್ತದೆ.

ಇಲ್ಲಿ ನಿಂತು, ಪ್ರಸ್ತಾವದ ಮೊದಲ ಪುಟದ ಸಾಲಿಗೆ ಮರಳಿ ಬರಬೇಕು. 'ಇಳಿತ ಅರ್ಧಕ್ಕೂ ಕಡಿಮೆ' ಎಂದು ಅಲ್ಲಿ ಬರೆದಿದ್ದರೆ, ಯಾವುದರ ಅರ್ಧ ಎಂದು ಕೇಳಿ. ಕಂಬ ಇರುವುದು ಎಂಟೂವರೆ ಮೀಟರಿನವರೆಗೆ. ಅದರ ಕೆಳಗಿನ ಮರಳಿಗೆ ಜಲ್ಲಿ ಇರುವುದೇ ಗೊತ್ತಿಲ್ಲ. ಅಲ್ಲಿನ 10 ಮಿಲಿಮೀಟರ್ ಹಾಗೆಯೇ ಉಳಿಯುತ್ತದೆ. ಹಾಗಾಗಿ 70 ಇದ್ದದ್ದು 39 ಆಗುತ್ತದೆ. ನೂರಕ್ಕೆ ಐವತ್ತೆರಡು ಉಳಿತಾಯವಲ್ಲ, ನಲವತ್ತನಾಲ್ಕು. ಇಲ್ಲಿ ಕೆಳಗಿನ ಪದರ ಗಟ್ಟಿಯಿದ್ದದ್ದರಿಂದ ವ್ಯತ್ಯಾಸ ಇಷ್ಟಕ್ಕೇ ನಿಂತಿತು. ಹದಿನೈದು ಮೀಟರ್ ಆಳದಲ್ಲಿ ಮೆತ್ತನೆಯ ಜೇಡಿಯ ಪದರ ಒಂದಿದ್ದರೆ, ಮೇಲೆ ಎಷ್ಟು ಜಲ್ಲಿ ಸುರಿದರೂ ಅದರ ಇಳಿತ ಅದಕ್ಕೇ. ಹತ್ತು ಮೀಟರಿಗೇ ನಿಲ್ಲಿಸಿದ ಬೋರ್‌ಹೋಲ್ ಇದನ್ನು ತೋರಿಸುವುದಿಲ್ಲ, ಆದ್ದರಿಂದ ಅಗಲವಾದ ಗೋದಾಮಿಗೆ ಕೆಲವಾದರೂ ಬೋರ್‌ಹೋಲುಗಳು ಇಪ್ಪತ್ತು ಮೂವತ್ತು ಮೀಟರ್ ಇಳಿದಿರಬೇಕು.

ಕಂಬಗಳನ್ನು ಇನ್ನಷ್ಟು ಹತ್ತಿರ ಇಟ್ಟರೆ? ಗೋದಾಮಿನ ಅಂಚಿನಾಚೆಗೂ ಒಂದು ಸಾಲು ಸೇರಿಸಿಕೊಂಡು ಲೆಕ್ಕ ಹಾಕಿದರೆ, ಎರಡೂವರೆ ಮೀಟರ್ ಅಂತರಕ್ಕೆ ಸುಮಾರು 760 ಕಂಬ ಬೇಕು, ಮೇಲಿನ ಎಂಟು ಮೀಟರಿನ ಇಳಿತ 37 ಮಿಲಿಮೀಟರ್. ಎರಡು ಮೀಟರ್ ಅಂತರಕ್ಕೆ 1,200 ಕಂಬ, ಇಳಿತ 29. 1.8 ಮೀಟರಿಗೆ ಇಳಿಸಿದರೆ 1,470 ಕಂಬ, ಇಳಿತ 25. ಮೊದಲ ಹೆಜ್ಜೆಯಲ್ಲಿ 8 ಮಿಲಿಮೀಟರ್ ಗಿಟ್ಟಿತು. ಎರಡನೆಯದರಲ್ಲಿ ಹೆಚ್ಚುವರಿ 270 ಕಂಬ ಹಾಕಿ ದಕ್ಕಿದ್ದು ನಾಲ್ಕೇ ಮಿಲಿಮೀಟರ್. ಬರೀ ಮೂಟೆ ಪೇರಿಸುವ ಗೋದಾಮಿಗೆ ನನ್ನ ಮಟ್ಟಿಗೆ ಎರಡೂವರೆ ಮೀಟರೇ ಸಾಕು. ಎತ್ತರದ ರ‍್ಯಾಕ್ ಬರುವ ಭಾಗಕ್ಕೆ ಎರಡು ಮೀಟರ್. ಇಡೀ ನೆಲಕ್ಕೆ ಒಂದೇ ಅಂತರ ಇಡಬೇಕೆಂಬ ನಿಯಮವೇನೂ ಇಲ್ಲ. ರ‍್ಯಾಕ್ ಎಲ್ಲಿ ಬರುತ್ತದೆ ಎಂದು ಮಾಲೀಕರು ಮೊದಲೇ ಹೇಳಿದರೆ ಉಳಿಯುವ ದುಡ್ಡು ಸಣ್ಣದಲ್ಲ.

ಇಲ್ಲಿಯವರೆಗಿನ ಲೆಕ್ಕದಲ್ಲಿ ಒಂದು ಸಂಗತಿಯನ್ನು ಬೇಕೆಂದೇ ಬಿಟ್ಟಿದ್ದೇವೆ. ಕಂಬ ಹಾಕುವಾಗಿನ ಕಂಪನದಿಂದ ನಡುವಿನ ಮರಳೂ ಬಿಗಿಯಾಗುತ್ತದಲ್ಲ? ಜೇಡಿಯಲ್ಲಿ ಈ ಲಾಭ ಇಲ್ಲ, ಮರಳಿನಲ್ಲಿ ಇದೆ. ಮರಳಿನ ಬಿಗಿತ 800 ಟನ್ನಿನಿಂದ 1,200ಕ್ಕೆ ಏರಿತು ಎಂದುಕೊಳ್ಳಿ. ಕಂಬವೇ ಇಲ್ಲದಿದ್ದರೂ 60 ಮಿಲಿಮೀಟರ್ 40ಕ್ಕೆ ಬಂತು. ಅದನ್ನು ಮತ್ತೆ 2.06ರಿಂದ ಭಾಗಿಸಿದರೆ 19! ಆಕರ್ಷಕ ಪ್ರಸ್ತಾವ ಬರೆಯಬೇಕೆನ್ನುವವರು ಇಲ್ಲೇ ಎಡವುವುದು. ಸುತ್ತಲಿನ ಮರಳು ಗಟ್ಟಿಯಾದಷ್ಟೂ ಕಂಬಕ್ಕೂ ಅದಕ್ಕೂ ಇರುವ ವ್ಯತ್ಯಾಸ ಕಡಿಮೆಯಾಗುತ್ತದೆ, ಕಂಬದಿಂದ ಸಿಗುವ ಹೆಚ್ಚುವರಿಯೂ ಇಳಿಯುತ್ತದೆ. ಎರಡು ಲಾಭಗಳನ್ನು ಹಾಗೆಯೇ ಗುಣಿಸಲಾಗದು. ಅದಕ್ಕಿಂತ ಮುಖ್ಯವಾಗಿ, ಹೂಳು ಸೇರಿದ ಮರಳು ಎಷ್ಟು ಬಿಗಿಯಾದೀತು ಎಂಬುದು ಜಾಗದಲ್ಲಿ ಮಾಡಿ ನೋಡುವವರೆಗೆ ಊಹೆಯೇ. ಪ್ರಸ್ತಾವದಲ್ಲಿ 39 ಎಂದು ಬರೆದು, ಪ್ರಯೋಗದ ನಂತರ ಅದು 30ಕ್ಕೆ ಬಂದರೆ ಸಂತೋಷಪಡುವುದು ಸರಿಯಾದ ಕ್ರಮ.

ಇನ್ನೊಂದು ಮಾತು. ಎನ್ ಸಂಖ್ಯೆಯಿಂದ ಬಿಗಿತವನ್ನು ಅಂದಾಜು ಮಾಡುವುದರಲ್ಲಿ ತಪ್ಪಿಗೆ ಬಹಳ ಎಡೆಯಿದೆ. ನಮ್ಮ 60 ಮಿಲಿಮೀಟರ್ ನಿಜದಲ್ಲಿ 40 ಇರಬಹುದು, 90ಕ್ಕೂ ಹೋಗಬಹುದು. 'ಎರಡು ಪಟ್ಟು ಕಡಿಮೆ' ಎಂಬ ಅನುಪಾತ ಮಾತ್ರ ಅಷ್ಟೊಂದು ಓಲಾಡುವುದಿಲ್ಲ, ಅದು ಮುಖ್ಯವಾಗಿ ಜಲ್ಲಿಯ ಪಾಲನ್ನು ಅವಲಂಬಿಸಿದೆ. ಆದ್ದರಿಂದ ಅನುಪಾತವನ್ನು ಹೆಚ್ಚು ನಂಬಿ, ಮಿಲಿಮೀಟರನ್ನು ಕಡಿಮೆ ನಂಬಿ.

ಈಗ ಕಂಬ ಹುಟ್ಟುವ ಬಗೆ. ಕ್ರೇನಿಗೆ ತೂಗುಹಾಕಿದ ಉದ್ದನೆಯ ಉಕ್ಕಿನ ಕೊಳವೆ, ಅದರ ತುದಿಯಲ್ಲಿ ಮೂರು ನಾಲ್ಕು ಮೀಟರ್ ಉದ್ದದ ಕಂಪಕ. ಅದರೊಳಗೆ ಒಂದು ಪಕ್ಕಕ್ಕೆ ಭಾರ ವಾಲಿಸಿ ಕೂರಿಸಿದ ತೂಕ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುತ್ತದೆ, ಕೊಳವೆ ಅಡ್ಡಡ್ಡ ನಡುಗುತ್ತದೆ. ತುದಿಯಿಂದ ನೀರು ಚಿಮ್ಮುತ್ತಿರುತ್ತದೆ. ನಡುಕಕ್ಕೂ ನೀರಿಗೂ ಮರಳು ದಾರಿ ಬಿಟ್ಟು, ಯಂತ್ರ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಆಳ ಮುಟ್ಟಿದ ಮೇಲೆ ಸುತ್ತಲಿನ ಸಂದಿಗೆ ಲೋಡರಿನಿಂದ ಜಲ್ಲಿ ಸುರಿಯುತ್ತಾರೆ. ಕಂಪಕವನ್ನು ಅರ್ಧ ಮೀಟರಿನಷ್ಟು ಎತ್ತುವುದು, ಜಲ್ಲಿ ಕೆಳಗೆ ಬೀಳುವುದು, ಮತ್ತೆ ಅದನ್ನು ಜಲ್ಲಿಯೊಳಗೆ ತುರುಕುವುದು, ಕಲ್ಲು ಪಕ್ಕಕ್ಕೆ ಒತ್ತಿಕೊಂಡು ಮರಳನ್ನು ದಬ್ಬುವುದು. ಹೀಗೆ ಅರ್ಧರ್ಧ ಮೀಟರ್ ಮೇಲೆ ಬರುತ್ತ ಕಂಬ ಬೆಳೆಯುತ್ತದೆ.

ಸಾಕಷ್ಟು ಬಿಗಿಯಾಯಿತೇ ಎಂದು ಕೆಳಗಿಳಿದು ನೋಡಲಾಗದು. ಹೇಳುವುದು ಆಂಪಿಯರ್ ಮೀಟರ್. ಜಲ್ಲಿ ಬಿಗಿಯಾದಂತೆ ಕಂಪಕಕ್ಕೆ ತಿರುಗಲು ಕಷ್ಟವಾಗಿ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಪ್ರಯೋಗದ ಕಂಬಗಳಲ್ಲಿ ಗೊತ್ತುಮಾಡಿಕೊಂಡ ಅಂಕಿ ಮುಟ್ಟುವವರೆಗೆ ಮುಂದಿನ ಅರ್ಧ ಮೀಟರಿಗೆ ಏರಬಾರದು. ಪ್ರತಿ ಕಂಬಕ್ಕೂ ಆಳ, ಸಮಯ, ಕರೆಂಟ್ ಮೂರರ ದಾಖಲೆ ಯಂತ್ರದಲ್ಲೇ ಮೂಡುತ್ತದೆ. ಅದರ ಜೊತೆ ಎಷ್ಟು ಬಕೆಟ್ ಜಲ್ಲಿ ಹೋಯಿತೆಂಬ ಲೆಕ್ಕವೂ ಬೇಕು. 90 ಸೆಂಟಿಮೀಟರ್ ವ್ಯಾಸದ ಕಂಬ ಮೀಟರಿಗೆ 0.64 ಘನಮೀಟರ್ ಬಿಗಿಯಾದ ಜಲ್ಲಿ ನುಂಗುತ್ತದೆ. 80 ಸೆಂಟಿಮೀಟರಿನದು 0.50. ಬರೀ ಹತ್ತು ಸೆಂಟಿಮೀಟರ್ ಸಣ್ಣದಾದರೆ ಐದನೇ ಒಂದು ಭಾಗ ಕಲ್ಲು ಉಳಿಯಿತು, ನಮ್ಮ 29 ಮಿಲಿಮೀಟರ್ ಇಳಿತ 33 ಆಯಿತು. ನೆಲದೊಳಗಿನ ಕಂಬಕ್ಕೆ ಟೇಪು ಹಿಡಿಯಲಾಗದು, ಆದರೆ ಟಿಪ್ಪರ್ ಎಣಿಸಬಹುದು. ನಮ್ಮ 1,200 ಕಂಬಕ್ಕೆ ಸುಮಾರು 8,000 ಘನಮೀಟರ್ ಬಿಡಿ ಜಲ್ಲಿ ಬೇಕು, ಹತ್ತು ಘನಮೀಟರಿನ ಟಿಪ್ಪರಾದರೆ 800 ಲೋಡು. ಗೇಟಿನ ರಿಜಿಸ್ಟರಿನಲ್ಲಿ 600 ಮಾತ್ರ ಇದ್ದರೆ ಬೇರೆ ಪರೀಕ್ಷೆಗೆ ಮುಂಚೆ ಆ ಪ್ರಶ್ನೆ ಕೇಳಬೇಕು.

ಕೆಡುವುದು ಹೇಗೆ? ಸಡಿಲ, ಹೂಳು ಮರಳಿನಲ್ಲಿ ನೀರಿನ ಒತ್ತಡ ತಗ್ಗಿದರೆ ಗುಂಡಿಯ ಬದಿ ಕುಸಿದು ಜಲ್ಲಿಯ ನಡುವೆ ಮರಳು ಸೇರಿಕೊಳ್ಳುತ್ತದೆ. ಕಂಬ ಅಲ್ಲಿ ಸೊಂಟ ಸಣ್ಣದಾಗಿ, ಕೊಳೆಯಾಗಿ ಉಳಿಯುತ್ತದೆ. ಆ ಆಳದಲ್ಲಿ ಜಲ್ಲಿ ತೀರ ಕಡಿಮೆ ಹೋಗಿರುವುದು ದಾಖಲೆಯಲ್ಲೇ ಕಾಣುತ್ತದೆ. ಕ್ರಷರಿನ ಪುಡಿ ತೊಳೆಯದೆ ತಂದ ಜಲ್ಲಿಯದೂ ಇದೇ ಕತೆ. ಸಂಜೆಯ ಹೊತ್ತಿಗೆ ದಿನದ ಲೆಕ್ಕ ಮುಗಿಸುವ ಅವಸರದಲ್ಲಿ ಕಂಪಕವನ್ನು ಒಂದೂವರೆ ಮೀಟರ್ ಒಮ್ಮೆಗೇ ಎತ್ತುವುದೂ ಇದೆ. ಸಮಯ ಮತ್ತು ಆಳದ ಗೆರೆ ಅಲ್ಲಿ ಕಡಿದಾಗಿ ಏರಿರುತ್ತದೆ. ಇನ್ನು ಕಂಬದ ಮೇಲಿನ ಅರ್ಧ ಮುಕ್ಕಾಲು ಮೀಟರ್ ಎಷ್ಟು ಚೆನ್ನಾಗಿ ಮಾಡಿದರೂ ಸಡಿಲವೇ. ಒತ್ತಿ ಹಿಡಿಯಲು ಮೇಲೆ ಮಣ್ಣಿಲ್ಲವಲ್ಲ. ಅದನ್ನು ಕೆರೆದು ತೆಗೆದು, ಅರ್ಧ ಮೀಟರ್ ದಪ್ಪ ಮರಳು ಅಥವಾ ಗ್ರಾವೆಲಿನ ಹಾಸು ಹಾಕಿ ರೋಲರ್ ಓಡಿಸಿ, ಅದರ ಮೇಲೆ ನೆಲ ಹಾಕಬೇಕು. ಹೊರೆಯನ್ನು ಕಂಬದ ತಲೆಗೆ ಹಂಚುವುದು ಆ ಹಾಸೇ. ಖರ್ಚು ಉಳಿಸಲು ಅದನ್ನು ತೆಳುವಾಗಿಸಿದರೆ ಕಾಂಕ್ರೀಟ್ ನೆಲದಲ್ಲಿ ಬಿರುಕು ಬರುವ ಸಾಧ್ಯತೆ ಹೆಚ್ಚುತ್ತದೆ.

ಜೊತೆಗೆ ನೀರು. ಈ ವಿಧಾನ ಗಂಟೆಗೆ ಹತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಕೇಳುತ್ತದೆ, ಬಂದದ್ದೆಲ್ಲ ಕೆಸರಾಗಿ ಹೊರಬರುತ್ತದೆ. ಅದಕ್ಕೆ ಹೊಂಡ ತೋಡದೆ ಕೆಲಸ ಶುರುಮಾಡಿದರೆ ಎರಡೇ ದಿನದಲ್ಲಿ ಪಕ್ಕದ ತೋಟದವರು ಬಂದು ನಿಲ್ಲುತ್ತಾರೆ.

ಕರ್ನಾಟಕದ ಕರಾವಳಿ 2016ರ ಭೂಕಂಪ ಸಂಹಿತೆಯಲ್ಲಿ ಮೂರನೇ ವಲಯದಲ್ಲಿದೆ. ನೀರು ತುಂಬಿದ ಸಡಿಲ ಮರಳು ಬಲವಾದ ನಡುಕದಲ್ಲಿ ಕೆಲವು ನಿಮಿಷ ದ್ರವದಂತೆ ವರ್ತಿಸಬಲ್ಲದು. 1964ರಲ್ಲಿ ಜಪಾನಿನ ನಿಯಿಗಾಟದಲ್ಲಿ ಗಟ್ಟಿಮುಟ್ಟಾದ ಕಟ್ಟಡಗಳು ಹಾಗೆ ಮಗ್ಗುಲಿಗೆ ಮಲಗಿದವು, 2001ರ ಭುಜ್ ಭೂಕಂಪದಲ್ಲಿ ಪೈಲ್ ಮೇಲೆ ನಿಂತಿದ್ದ ಕಾಂಡ್ಲಾ ಬಂದರಿನ ಕಟ್ಟಡವೂ ವಾಲಿತು. ಜಲ್ಲಿ ಕಂಬ ಮರಳನ್ನು ಬಿಗಿಯಾಗಿಸಿ, ಒತ್ತಡಕ್ಕೆ ಸಿಕ್ಕ ನೀರಿಗೆ ದಾರಿಯನ್ನೂ ಕೊಟ್ಟು ಈ ಅಪಾಯ ತಗ್ಗಿಸುತ್ತದೆ. ಆದರೆ ಇಳಿತಕ್ಕೆ ಸಾಕೆನಿಸಿದ ಅಂತರ ಇದಕ್ಕೂ ಸಾಕೆಂದು ಹೇಳಲಾಗದು. ಅದರ ಲೆಕ್ಕ ಬೇರೆಯೇ, ಪ್ರಸ್ತಾವದಲ್ಲಿ ಅದೂ ಇರಬೇಕು. ಹಾಗೆಯೇ ಮಳೆಗಾಲದ ಗಾಳಿ ಹಗುರ ಸೂರನ್ನು ಮೇಲಕ್ಕೆಳೆಯುವಾಗ ಜಲ್ಲಿ ಕಂಬ ಯಾವ ಸಹಾಯವನ್ನೂ ಮಾಡದು. ಬಿಡಿ ಕಲ್ಲನ್ನು ಹಿಡಿದು ಯಾರು ನೇತಾಡಲಾದೀತು? ಅದಕ್ಕೆ ಪಾಯದ ತೂಕವೇ ಗತಿ.

ಕೆಲಸವಾದ ಮೇಲೆ ಪರೀಕ್ಷೆ. ನಮ್ಮಲ್ಲಿ ಜಲ್ಲಿ ಕಂಬಕ್ಕೆ ಇರುವ ಮಾರ್ಗಸೂಚಿ 2003ರ ಐಎಸ್ 15284ರ ಮೊದಲ ಭಾಗ. ಒಂಟಿ ಕಂಬದ ಮೇಲೆ ವಿನ್ಯಾಸದ ಹೊರೆ ಇಟ್ಟಾಗ ಇಳಿತ 10ರಿಂದ 12 ಮಿಲಿಮೀಟರ್, ಮೂರು ಕಂಬಗಳ ಗುಂಪಿಗೆ 25ರಿಂದ 30 ಮಿಲಿಮೀಟರ್ ಒಳಗಿರಬೇಕೆಂದು ಅದು ಹೇಳುತ್ತದೆ. ಪರೀಕ್ಷೆ ಪಾಸಾಯಿತು ಎಂಬ ಕಾಗದ ಕೈಗೆ ಬಂದಾಗ ಮಾಲೀಕರು ನಿಟ್ಟುಸಿರು ಬಿಡುತ್ತಾರೆ. ಆದರೆ ಒಂದೂವರೆ ಎರಡು ಮೀಟರ್ ಅಗಲದ ತಟ್ಟೆಯ ಒತ್ತಡ ಮೇಲಿನ ಮೂರು ನಾಲ್ಕು ಮೀಟರಿಗೆ ತಟ್ಟುತ್ತದೆ ಅಷ್ಟೇ. ಏಳನೇ ಮೀಟರಿನಲ್ಲಿ ಸೊಂಟ ಸಣ್ಣದಾದ ಕಂಬವೂ ಇದರಲ್ಲಿ ಸುಲಭವಾಗಿ ತೇರ್ಗಡೆಯಾದೀತು. ನಲವತ್ತು ಮೀಟರ್ ಅಗಲದ ಹೊರೆ ಏನು ಮಾಡುತ್ತದೆ ಎಂಬುದಕ್ಕೆ ಈ ಪರೀಕ್ಷೆ ಉತ್ತರವಲ್ಲ.

ಅದಕ್ಕೇ ಮೂರು ಕಂಬಗಳ ನಟ್ಟನಡುವೆ, ಅಂದರೆ ಕಂಪನ ಅತಿ ಕಡಿಮೆ ತಲುಪಿದ ಜಾಗದಲ್ಲಿ, ಪೂರ್ತಿ ಆಳಕ್ಕೆ ಮತ್ತೊಮ್ಮೆ ಎನ್ ಪರೀಕ್ಷೆ ಅಥವಾ ಕೋನ್ ಪರೀಕ್ಷೆ ಮಾಡಿಸಬೇಕು. ಶಂಕುವಿನಾಕಾರದ ಮೊನೆಯನ್ನು ನಿಧಾನವಾಗಿ ಒತ್ತಿ ಇಳಿಸುತ್ತ ಎಡೆಬಿಡದೆ ಅಳೆಯುವ ಕೋನ್ ಪರೀಕ್ಷೆ ಇದಕ್ಕೆ ಹೆಚ್ಚು ಒಪ್ಪುತ್ತದೆ, ತೆಳು ಹೂಳಿನ ಪದರವನ್ನೂ ಅದು ತಪ್ಪಿಸುವುದಿಲ್ಲ. ಕಂಬ ಹಾಕಿದ ಮರುದಿನವೇ ಮಾಡಿದರೆ ನಿರಾಸೆಯಾಗುತ್ತದೆ. ಕಲಕಿದ ಮರಳು ಸುಧಾರಿಸಿಕೊಳ್ಳಲು ಒಂದೆರಡು ವಾರ ಬೇಕು. ಮೊದಲು ಜಾಗದ ಒಂದು ಮೂಲೆಯಲ್ಲಿ ಹತ್ತಿಪ್ಪತ್ತು ಕಂಬ ಹಾಕಿ, ಕಾದು, ಅಳೆದು, ಅಂತರ ಬದಲಿಸಬೇಕೇ ಎಂದು ತೀರ್ಮಾನಿಸಿ ಉಳಿದದ್ದಕ್ಕೆ ಕೈಹಾಕುವ ಷರತ್ತು ಕರಾರಿನಲ್ಲಿ ಇರಬೇಕು. ಆ ಮೂರು ವಾರ ದಂಡ ಎಂದು ಗೊಣಗುವವರಿರುತ್ತಾರೆ. ಇಂಥ ಆಳಕ್ಕೆ ಒಂದು ರಿಗ್ ದಿನಕ್ಕೆ ಸುಮಾರು ಹದಿನೈದು ಕಂಬ ಹಾಕಿದರೆ 1,200 ಕಂಬಕ್ಕೆ ಎಂಬತ್ತು ದಿನ. ಅಷ್ಟು ದಿನದ ಕೆಲಸವನ್ನು ಊಹೆಯ ಮೇಲೆ ಮಾಡುವುದಕ್ಕಿಂತ ಮೂರು ವಾರ ಕಾಯುವುದು ಅಗ್ಗ.

ಕೊನೆಯ ಅಳತೆ ಗೋದಾಮಿನದೇ. ನೆಲ ಹಾಕುವಾಗಲೇ ಅದರಲ್ಲಿ ಹಿತ್ತಾಳೆಯ ಗುರುತುಗಳನ್ನು ಕೂರಿಸಿ, ಖಾಲಿಯಿರುವಾಗ ಒಮ್ಮೆ ಲೆವೆಲ್ ಹಿಡಿದು ಬರೆದುಕೊಳ್ಳಬೇಕು. ಮೊದಲ ಸಲ ಸರಕು ತುಂಬುವಾಗ ಒಂದೇ ಅಂಕಣವನ್ನು ಸೂರಿನವರೆಗೆ ಪೇರಿಸದೆ, ಎಲ್ಲ ಅಂಕಣಕ್ಕೂ ಅರ್ಧರ್ಧ ಹಾಕಿ ಮತ್ತೆ ಲೆವೆಲ್ ಹಿಡಿಯಬೇಕು. ತುಂಬುಮಣ್ಣು, ಕಾಂಕ್ರೀಟುಗಳ ಪಾಲಿನ ಇಳಿತ ಆ ಹೊತ್ತಿಗೆ ಮುಗಿದಿರುತ್ತದೆ. ಉಳಿದ 5 ಟನ್ನಿನಲ್ಲಿ ಅರ್ಧ ಬಂದಾಗ ನಮ್ಮ ಲೆಕ್ಕದ ಪ್ರಕಾರ 16 ಮಿಲಿಮೀಟರಿನ ಆಸುಪಾಸು ಕಾಣಬೇಕು. ಹತ್ತೋ ಹನ್ನೆರಡೋ ಬಂದರೆ ಮರಳು ನಿರೀಕ್ಷೆಗಿಂತ ಬಿಗಿಯಾಗಿದೆ, ರ‍್ಯಾಕ್ ಕೂರಿಸುವ ಕೆಲಸ ಶುರುಮಾಡಬಹುದು. ಮೂವತ್ತು ಬಂದರೆ ಅಲ್ಲೇ ನಿಲ್ಲಿಸಿ, ಆ ಅಂಕಣದ ಕಂಬಗಳ ದಾಖಲೆಯನ್ನು ತೆಗೆಸಿ ನೋಡಬೇಕು. ರ‍್ಯಾಕಿನ ಕಾಲಡಿ ಹಾಕುವ ತಗಡುಗಳನ್ನು ಹೆಚ್ಚು ಕಡಿಮೆ ಮಾಡಿ ಮಟ್ಟ ಸರಿಪಡಿಸಲು ಆಗಿನ್ನೂ ಅವಕಾಶ ಉಳಿದಿರುತ್ತದೆ.